ಬಾಗಿಲು ಬಡಿದರೂ ಓಗೊಡದ ಕಾವಲುಗಾರ

ವೈರ್‌ಗಾರ್ಡ್ ಕೆಟ್ಟಾಗ ಏನೂ ಹೇಳುವುದಿಲ್ಲ. ಫೋನಿನ ಆ್ಯಪ್‌ನಲ್ಲಿ ಬಟನ್ ಒತ್ತಿದರೆ ಅದು ಆನ್ ಆಗುತ್ತದೆ, ಪರದೆಯ ನೆತ್ತಿಯಲ್ಲಿ ವಿಪಿಎನ್ ಗುರುತೂ ಮೂಡುತ್ತದೆ. ಆಚೆಯ ಸರ್ವರ್ ಆಫ್ ಆಗಿದ್ದರೂ, ಅಷ್ಟೇಕೆ, ಅಂಥದ್ದೊಂದು ಸರ್ವರ್ ಲೋಕದಲ್ಲೇ ಇಲ್ಲದಿದ್ದರೂ ಬಟನ್ ಆನ್ ಆಗಿಯೇ ಇರುತ್ತದೆ. ಮೊದಲ ಸಲ ಸ್ವಂತ ವಿಪಿಎನ್ ಕಟ್ಟುವವರು ಈ ಬಟನ್ ನೋಡಿ ಖುಷಿಪಟ್ಟು, ಆಮೇಲೆ ಒಂದು ಪುಟವೂ ತೆರೆಯದೆ ರಾತ್ರಿಯೆಲ್ಲ ತಲೆ ಕೆರೆದುಕೊಳ್ಳುವುದು ಮಾಮೂಲು.

ಓಪನ್‌ವಿಪಿಎನ್ ಮಹಾ ಮಾತುಗಾರ. ಎಲ್ಲಿ ಎಡವಿದೆ, ಎಷ್ಟು ಹೊತ್ತು ಕಾದೆ, ಯಾವ ಸರ್ಟಿಫಿಕೇಟ್ ಒಪ್ಪಿಗೆಯಾಗಲಿಲ್ಲ ಎಂದು ಸಾಲುಗಟ್ಟಲೆ ಲಾಗ್ ಬರೆಯುತ್ತದೆ. ಆದರೆ ಎಡವಲು ಅದರ ದಾರಿಯಲ್ಲಿ ಕಲ್ಲುಗಳೂ ಹೆಚ್ಚು.

ಎರಡರಲ್ಲಿ ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಮಾತು ವೇಗದ ಕಡೆಗೆ ತಿರುಗುತ್ತದೆ. ವೇಗದಲ್ಲಿ ವೈರ್‌ಗಾರ್ಡ್ ಮುಂದೆ ಇರುವುದು ನಿಜ. ಆದರೆ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಹೊರಗಿನಿಂದ ಅದನ್ನು ಮುಟ್ಟಲು ಬಯಸುವವರಿಗೆ ಮನೆಯ ಇಂಟರ್‌ನೆಟ್‌ನ ಅಪ್‌ಲೋಡ್ ವೇಗವೇ ಸಾಮಾನ್ಯವಾಗಿ ಮೊದಲು ಅಡ್ಡ ಬರುತ್ತದೆ. ಅವರು ಕೇಳಬೇಕಾದ ಪ್ರಶ್ನೆ ಬೇರೆ: ಯಾವುದನ್ನು ಕಟ್ಟುವುದು ಸುಲಭ, ಕೆಟ್ಟಾಗ ಯಾವುದನ್ನು ರಿಪೇರಿ ಮಾಡಬಲ್ಲೆ?

ಓಪನ್‌ವಿಪಿಎನ್ ಹಳೆಯದು. ಜೇಮ್ಸ್ ಯೋನಾನ್ ಅದರ ಮೊದಲ ಆವೃತ್ತಿಯನ್ನು ಹೊರತಂದದ್ದು 2001ರಲ್ಲಿ. ಮಧ್ಯ ಏಷ್ಯಾದಲ್ಲಿ ಓಡಾಡುತ್ತ ಅಲ್ಲಿಯ ಇಂಟರ್‌ನೆಟ್ ಮೂಲಕವೇ ಕಚೇರಿಯ ಕೆಲಸ ಮಾಡಬೇಕಾಗಿ ಬಂದಾಗ, ತನ್ನ ಮಾಹಿತಿ ಯಾರ್ಯಾರ ಕೈ ದಾಟಿ ಹೋಗುತ್ತಿದೆ ಎಂಬ ಅಳುಕು ಅವರಿಗೆ ಹುಟ್ಟಿತ್ತು. ಬ್ಯಾಂಕಿನ ವೆಬ್‌ಸೈಟ್ ತೆರೆದಾಗ ಬ್ರೌಸರ್ ನಡೆಸುವ ಟಿಎಲ್‌ಎಸ್ ವಿಧಾನವನ್ನೇ ಓಪನ್‌ವಿಪಿಎನ್ ಕೂಡ ನಂಬಿದೆ. ಹಾಗಾಗಿ ಸರ್ಟಿಫಿಕೇಟ್, ಅದಕ್ಕೆ ಸಹಿ ಹಾಕುವ ಒಂದು ಪ್ರಾಧಿಕಾರ, ವಾಯಿದೆ, ರದ್ದು ಪಟ್ಟಿ ಎಲ್ಲವೂ ಅದರ ಬೆನ್ನಿಗೇ ಬರುತ್ತವೆ.

ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ ಈ ಸಂಸಾರವನ್ನೆಲ್ಲ ಕಳಚಿಟ್ಟಿತು. ಸರ್ಟಿಫಿಕೇಟ್ ಇಲ್ಲ, ಯೂಸರ್‌ನೇಮ್ ಇಲ್ಲ, ಯಾವ ಗೂಢಲಿಪಿ ಬೇಕೆಂಬ ಆಯ್ಕೆಯೂ ಇಲ್ಲ. ಪ್ರತಿ ಸಾಧನಕ್ಕೂ 44 ಅಕ್ಷರಗಳ ಒಂದು ಪ್ರೈವೇಟ್ ಕೀ, ಅದಕ್ಕೆ ಜೋಡಿಯಾಗಿ ಒಂದು ಪಬ್ಲಿಕ್ ಕೀ. ನಿನ್ನ ಪಬ್ಲಿಕ್ ಕೀ ನನಗೆ ಕೊಡು, ನನ್ನದು ನಿನಗೆ ಕೊಡುತ್ತೇನೆ, ಅಷ್ಟೇ ಪರಿಚಯ. ಇಡೀ ಪ್ರೋಗ್ರಾಂ ಶುರುವಿನಲ್ಲಿ ಸುಮಾರು 4,000 ಸಾಲುಗಳಷ್ಟಿತ್ತು. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಿಂದ ಅದು ಕರ್ನಲ್‌ನ ಒಳಗೇ ಸೇರಿದೆ. ಅದಕ್ಕೂ ಸುಮಾರು ಒಂದೂವರೆ ವರ್ಷ ಮೊದಲೇ ಲೈನಸ್ ಟೋರ್ವಾಲ್ಡ್ಸ್, ಓಪನ್‌ವಿಪಿಎನ್ ಮತ್ತು ಐಪಿಸೆಕ್‌ನ ಪಕ್ಕದಲ್ಲಿಟ್ಟು ನೋಡಿದರೆ ಇದು ಕಲಾಕೃತಿ ಎಂದು ಮೆಚ್ಚಿದ್ದರು. ಬೈಗುಳಕ್ಕೇ ಹೆಸರಾದವರಿಂದ ಬಂದ ಮೆಚ್ಚುಗೆ ಅದು.

ಶಿವಮೊಗ್ಗದಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಮೂಲೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ, ಮನೆಯವರ ಫೋಟೊ, ಪಹಣಿ, ಶಾಲೆಯ ಅಂಕಪಟ್ಟಿಗಳನ್ನೆಲ್ಲ ಅದರಲ್ಲಿ ಇಡಲಾಗಿದೆ. ಮಗಳು ಪುಣೆಯಲ್ಲಿ ಪಿಜಿಯಲ್ಲಿದ್ದಾಳೆ. ಅಲ್ಲಿಂದ ಆ ಲ್ಯಾಪ್‌ಟಾಪ್ ತೆರೆಯಬೇಕು. ಕಡತಗಳನ್ನು ಇಂಟರ್‌ನೆಟ್‌ಗೆ ಬಯಲಾಗಿಡುವ ಮನಸ್ಸಿಲ್ಲ. ವಿಪಿಎನ್ ಬೇಕಾಗುವುದು ಇಲ್ಲಿ. (ಗುರುತು ಮರೆಸಿಕೊಂಡು ಓಡಾಡಲು ಸ್ವಂತ ವಿಪಿಎನ್ ಉಪಯೋಗಕ್ಕೆ ಬರುವುದಿಲ್ಲ, ಅದು ತನ್ನ ಮನೆಗೆ ತಾನೇ ತೋಡಿಕೊಂಡ ಸುರಂಗ, ಆಚೆ ತುದಿಯಲ್ಲಿ ಮನೆಯವರದೇ ವಿಳಾಸ.)

ಎರಡರಲ್ಲಿ ಯಾವುದನ್ನು ಆರಿಸುವ ಮೊದಲೂ ಒಂದು ಪರೀಕ್ಷೆ ಇದೆ. ಮನೆಯ ರೂಟರ್‌ನ ಪುಟ ತೆರೆದು WAN IP ಎಂಬಲ್ಲಿ ಯಾವ ಸಂಖ್ಯೆ ಇದೆ ನೋಡಬೇಕು. ಆಮೇಲೆ ಅದೇ ಮನೆಯಿಂದ, ಹೊರಗಿನ ಜಗತ್ತಿಗೆ ಕಾಣುವ ಐಪಿ ತೋರಿಸುವ ಯಾವುದಾದರೂ ತಾಣ ತೆರೆಯಬೇಕು. ಎರಡೂ ಒಂದೇ ಆದರೆ ದಾರಿ ಸುಗಮ. ರೂಟರ್‌ನಲ್ಲಿರುವುದು 10ರಿಂದ ಶುರುವಾಗಿದ್ದರೆ, ಅಥವಾ 100.64ರಿಂದ 100.127ರ ನಡುವೆ ಇದ್ದರೆ, ಆ ಮನೆಗೆ ಸ್ವಂತ ವಿಳಾಸವಿಲ್ಲ ಎಂದರ್ಥ. ಕಂಪನಿಯವರು ಒಂದೇ ವಿಳಾಸದ ಹಿಂದೆ ಹಲವು ಮನೆಗಳನ್ನು ಕೂರಿಸಿದ್ದಾರೆ. ಅಪಾರ್ಟ್‌ಮೆಂಟಿನ ಗೇಟಿನ ನಂಬರ್ ಇದೆ, ಮನೆಯ ನಂಬರ್ ಇಲ್ಲ ಎಂದ ಹಾಗೆ. ಹೊರಗಿನಿಂದ ಬಂದ ಪ್ಯಾಕೆಟ್ ಗೇಟಿನಲ್ಲೇ ನಿಲ್ಲುತ್ತದೆ. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ನಮ್ಮಲ್ಲಿ ಇದು ತೀರ ಸಾಮಾನ್ಯ.

ಈ ಗೇಟನ್ನು ಓಪನ್‌ವಿಪಿಎನ್ ಆಗಲಿ ವೈರ್‌ಗಾರ್ಡ್ ಆಗಲಿ ದಾಟಿಸಲಾರದು. ಒಂದರಲ್ಲಿ ಆಗಲಿಲ್ಲವೆಂದು ಇನ್ನೊಂದನ್ನು ಹಾಕಿ, ಅದೂ ಆಗದೆ ಸುಸ್ತಾದವರಲ್ಲಿ ಅನೇಕರ ಕಥೆ ಇದೇ. ಇಂಥವರು ಕಂಪನಿಗೆ ಹಣ ಕಟ್ಟಿ ಸ್ಟ್ಯಾಟಿಕ್ ಐಪಿ ಕೇಳಬೇಕು, ಇಲ್ಲವೇ ಸಣ್ಣದೊಂದು ವಿಪಿಎಸ್ ಬಾಡಿಗೆಗೆ ಹಿಡಿದು ಮನೆ ಮತ್ತು ಮಗಳು ಇಬ್ಬರೂ ಅಲ್ಲಿಗೇ ಬಂದು ಸೇರುವಂತೆ ಮಾಡಬೇಕು. ಮಗಳ ಕಡೆ ಸಿಜಿನ್ಯಾಟ್ ಇದ್ದರೆ ತೊಂದರೆಯಿಲ್ಲ. ಕರೆಯುವವರಿಗೆ ವಿಳಾಸ ಬೇಕಿಲ್ಲ, ಕರೆಸಿಕೊಳ್ಳುವವರಿಗೆ ಬೇಕು.

ಶಿವಮೊಗ್ಗದ ಮನೆಗೆ ಸ್ವಂತ ಐಪಿ ಇದೆ, ಆದರೆ ಕರೆಂಟ್ ಹೋಗಿ ಬಂದಾಗ ಬದಲಾಗುತ್ತದೆ ಎನ್ನೋಣ. DuckDNS ರೀತಿಯ ಉಚಿತ ಸೇವೆಯಲ್ಲಿ ಒಂದು ಹೆಸರು ಮಾಡಿಕೊಂಡರೆ ಆ ಚಿಂತೆ ಕಳೆಯಿತು. ರೂಟರ್‌ನಲ್ಲಿ 51820 ಎಂಬ ಪೋರ್ಟನ್ನು ಹಳೆಯ ಲ್ಯಾಪ್‌ಟಾಪ್ ಕಡೆಗೆ ತಿರುಗಿಸಬೇಕು, ಅದೂ ಯುಡಿಪಿ ಎಂದು ಆರಿಸಿ. ಅಲ್ಲಿ ಟಿಸಿಪಿ ಆರಿಸಿ ಮರೆತುಬಿಡುವವರು ಬಹಳ ಜನ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ:

```
sudo apt install wireguard
umask 077
wg genkey | tee mane.key | wg pubkey > mane.pub
```

ಮಗಳ ಕಂಪ್ಯೂಟರ್‌ನಲ್ಲೂ ಇದೇ ರೀತಿ ಒಂದು ಜೋಡಿ ಕೀ ಹುಟ್ಟಿಸಬೇಕು. ಮನೆಯ ಲ್ಯಾಪ್‌ಟಾಪ್‌ನಲ್ಲಿ `/etc/wireguard/wg0.conf` ಎಂಬ ಕಡತ ಹೀಗಿರುತ್ತದೆ:

```
[Interface]
Address = 10.66.0.1/24
ListenPort = 51820
PrivateKey = ಮನೆಯ ಪ್ರೈವೇಟ್ ಕೀ

[Peer]
PublicKey = ಮಗಳ ಪಬ್ಲಿಕ್ ಕೀ
AllowedIPs = 10.66.0.2/32
```

ಮಗಳ ಕಡೆ:

```
[Interface]
Address = 10.66.0.2/32
PrivateKey = ಮಗಳ ಪ್ರೈವೇಟ್ ಕೀ

[Peer]
PublicKey = ಮನೆಯ ಪಬ್ಲಿಕ್ ಕೀ
Endpoint = nammamane.duckdns.org:51820
AllowedIPs = 10.66.0.1/32
```

ಮನೆಯಲ್ಲಿ `sudo systemctl enable --now wg-quick@wg0` ಎಂದು ಒತ್ತಿದರೆ ಕೆಲಸ ಮುಗಿಯಿತು. ಪುಣೆಯಿಂದ 10.66.0.1 ಎಂದು ಕರೆದರೆ ಶಿವಮೊಗ್ಗದ ಲ್ಯಾಪ್‌ಟಾಪ್ ಓಗೊಡಬೇಕು.

ಇಲ್ಲಿ ಹೊಸಬರನ್ನು ಗೊಂದಲಕ್ಕೆ ಬೀಳಿಸುವುದು AllowedIPs ಎಂಬ ಸಾಲು. ಅದಕ್ಕೆ ಎರಡು ಅರ್ಥ. ಹೋಗುವ ಪ್ಯಾಕೆಟ್‌ಗೆ ಅದು ದಾರಿಫಲಕ: ಈ ವಿಳಾಸಕ್ಕೆ ಹೋಗುವುದೆಲ್ಲ ಈ ಸುರಂಗದೊಳಗೆ. ಬರುವ ಪ್ಯಾಕೆಟ್‌ಗೆ ಅದು ಜರಡಿ: ಈ ಕೀ ಉಳ್ಳವನು ಈ ವಿಳಾಸದ ಹೆಸರಲ್ಲಿ ಮಾತ್ರ ಮಾತಾಡಬಹುದು. ಅಲ್ಲಿ 0.0.0.0/0 ಎಂದು ಬರೆದರೆ ಮಗಳ ಇಡೀ ಇಂಟರ್‌ನೆಟ್ ಶಿವಮೊಗ್ಗ ಸುತ್ತಿಕೊಂಡು ಹೋಗುತ್ತದೆ. ಅದಕ್ಕೆ ಮನೆಯ ಕಡೆ ಇನ್ನಷ್ಟು ಸೆಟ್ಟಿಂಗ್ ಬೇಕು. ಮಾರ್ಗದರ್ಶಿಗಳಲ್ಲಿ ಕಂಡದ್ದನ್ನು ಹಾಗೇ ನಕಲು ಮಾಡಿದವರು, ವಿಪಿಎನ್ ಹಾಕಿದೊಡನೆ ಇಂಟರ್‌ನೆಟ್ಟೇ ಹೋಯಿತು ಎಂದು ಗಾಬರಿಯಾಗುವುದು ಈ ಸಾಲಿನಿಂದಲೇ.

ಮನೆಯ ಇಡೀ ನೆಟ್‌ವರ್ಕ್ ಬೇಕೆಂದು 192.168.1.0/24 ಎಂದು ಬರೆಯುವುದೂ ಇನ್ನೊಂದು ತಲೆನೋವು. ಪಿಜಿಯ ವೈಫೈ ಕೂಡ ಅದೇ ಸಂಖ್ಯೆಯಲ್ಲಿ ಇರುವ ಸಂಭವ ಹೆಚ್ಚು. ಆಗ 192.168.1.5 ಎಂದರೆ ಶಿವಮೊಗ್ಗದ ಸಿಸಿಟಿವಿಯೋ ಪಕ್ಕದ ಕೋಣೆಯ ಪ್ರಿಂಟರೋ ಎಂದು ಲ್ಯಾಪ್‌ಟಾಪ್‌ಗೆ ತಿಳಿಯದು. ಮೇಲಿನ ಮಾದರಿಯಲ್ಲಿ ಒಂದೇ ಯಂತ್ರದ ವಿಳಾಸ ಬರೆದದ್ದು ಆ ಜಗಳ ಬೇಡವೆಂದೇ.

ಈಗ, ಓಗೊಡದಿದ್ದರೆ? ಮೊದಲನೆಯದಾಗಿ, ಪರೀಕ್ಷೆಯನ್ನು ಮನೆಯ ವೈಫೈನಿಂದಲೇ ಮಾಡಬಾರದು. ಮನೆಯೊಳಗೆ ನಿಂತು ಹೊರಬಾಗಿಲು ಬಡಿದರೆ ಎಷ್ಟೋ ರೂಟರ್‌ಗಳಿಗೆ ಅರ್ಥವಾಗುವುದಿಲ್ಲ. ಮೊಬೈಲ್ ಡೇಟಾದಲ್ಲಿ ಮಾಡಬೇಕು. ಎರಡನೆಯದಾಗಿ, ಪೋರ್ಟ್ ತೆರೆದಿದೆಯೇ ಎಂದು ನೋಡುವ ವೆಬ್‌ತಾಣಗಳನ್ನು ನಂಬಬಾರದು. ಅವುಗಳಲ್ಲಿ ಹೆಚ್ಚಿನವು ಟಿಸಿಪಿಯನ್ನು ಮಾತ್ರ ನೋಡುತ್ತವೆ. ಯುಡಿಪಿ ಬಡಿತ ತಲುಪಿದರೂ ವೈರ್‌ಗಾರ್ಡ್ ಗುರುತಿಲ್ಲದವರಿಗೆ ಉತ್ತರ ಕೊಡದು. ಅದು ಹಾಗೆ ವರ್ತಿಸುವಂತೆಯೇ ಮಾಡಲಾಗಿದೆ: ಸರಿಯಾದ ಕೀ ಇಲ್ಲದವನು ಬಾಗಿಲು ಬಡಿದರೆ ಒಳಗೆ ಯಾರೂ ಇಲ್ಲವೆಂಬಂತೆ ಕೂರುವುದು. ಕಳ್ಳನಿಗೂ ಮನೆಮಗಳು ತಪ್ಪು ಕೀ ತಂದಾಗಲೂ ಒಂದೇ ಮೌನ.

ಈ ಮೌನವನ್ನು ಓದಲು ಮನೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ಆಜ್ಞೆ ಸಾಕು:

```
sudo tcpdump -ni any udp port 51820
```

ಇದನ್ನು ಓಡಿಸಿಟ್ಟು ಮಗಳಿಗೆ ಸಂಪರ್ಕಿಸಲು ಹೇಳಬೇಕು. ಪರದೆಯಲ್ಲಿ ಏನೂ ಬರದಿದ್ದರೆ ಬಡಿತ ಬಾಗಿಲಿಗೇ ತಲುಪಿಲ್ಲ: ರೂಟರ್‌ನ ಪೋರ್ಟ್ ತಪ್ಪಾಗಿದೆ, ಸಿಜಿನ್ಯಾಟ್ ಇದೆ, ಅಥವಾ ಹಳೆಯ ಐಪಿಗೆ ಹೋಗುತ್ತಿದೆ. (ವೈರ್‌ಗಾರ್ಡ್ ಸುರಂಗ ಆನ್ ಮಾಡುವಾಗ ಹೆಸರಿನಿಂದ ಐಪಿ ಹುಡುಕಿಕೊಂಡು ಅದನ್ನೇ ಹಿಡಿದುಕೊಳ್ಳುತ್ತದೆ, ಮನೆಯ ಐಪಿ ಬದಲಾದರೆ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು.) 148 ಬೈಟ್ ಉದ್ದದ ಪ್ಯಾಕೆಟ್‌ಗಳು ಐದೈದು ಸೆಕೆಂಡಿಗೆ ಬರುತ್ತಿದ್ದು ಇಲ್ಲಿಂದ ಉತ್ತರವೇ ಹೋಗದಿದ್ದರೆ, ಅದು ಬಹುಮಟ್ಟಿಗೆ ಕೀ ತಪ್ಪಿದ ಲಕ್ಷಣ, ಅದೂ ಸರಿಯಿದ್ದರೆ ಲ್ಯಾಪ್‌ಟಾಪ್‌ನ ಫೈರ್‌ವಾಲ್ ನೋಡಬೇಕು. ಪಬ್ಲಿಕ್ ಕೀ ಇರಬೇಕಾದಲ್ಲಿ ತನ್ನದನ್ನೇ ಅಂಟಿಸುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. 148 ಬಂದು 92 ಬೈಟ್‌ನ ಉತ್ತರ ಹೊರಟಿತೋ, ಕಾವಲುಗಾರ ಗುರುತು ಹಿಡಿದಿದ್ದಾನೆ. ಆ ಉತ್ತರ ಆಚೆ ತಲುಪಿದರೆ `sudo wg show` ಎಂದಾಗ `latest handshake` ಎಂಬ ಸಾಲು ಕಾಣುತ್ತದೆ. ಅಲ್ಲಿಂದ ಮುಂದೆಯೂ ಕಡತ ತೆರೆಯದಿದ್ದರೆ ತಪ್ಪು AllowedIPs ಸಾಲಿನಲ್ಲೋ ಫೈರ್‌ವಾಲ್‌ನಲ್ಲೋ ಇರುತ್ತದೆ. ಕೀಗಳನ್ನು ಮತ್ತೆ ಮುಟ್ಟಬೇಕಾಗಿಲ್ಲ.

ಇಷ್ಟು ಗೊತ್ತಿದ್ದರೆ ವೈರ್‌ಗಾರ್ಡ್‌ನ ಮೌನ ಕಾಡುವುದಿಲ್ಲ. ತಪ್ಪಾಗಲು ಅಲ್ಲಿರುವ ಜಾಗಗಳೇ ಕಡಿಮೆ.

ಇದೇ ಮನೆಗೆ ಓಪನ್‌ವಿಪಿಎನ್ ಹಾಕುವುದಾದರೆ ಮೊದಲು ಈಸಿ-ಆರ್‌ಎಸ್‌ಎ ಎಂಬ ಸಾಧನದಿಂದ ಸ್ವಂತ ಪ್ರಾಧಿಕಾರವೊಂದನ್ನು ಸ್ಥಾಪಿಸಬೇಕು. ಒಂದು ಪುಟ್ಟ ತಹಶೀಲ್ದಾರ್ ಕಚೇರಿಯನ್ನೇ ತೆರೆದ ಹಾಗೆ. ಆಮೇಲೆ ಸರ್ವರ್‌ಗೆ ಸರ್ಟಿಫಿಕೇಟ್ ಅರ್ಜಿ, ಅದಕ್ಕೆ ಸಹಿ. ಮಗಳ ಕಂಪ್ಯೂಟರ್‌ಗೆ ಇನ್ನೊಂದು ಅರ್ಜಿ, ಇನ್ನೊಂದು ಸಹಿ. ಇಬ್ಬರಿಗೂ ಸಾಮಾನ್ಯವಾದ ಮತ್ತೊಂದು ಕೀ. ಎಲ್ಲವನ್ನೂ ಹೊಲಿದು `.ovpn` ಎಂಬ ಕಡತ ಮಾಡಬೇಕು. ಇದನ್ನೆಲ್ಲ ತಾವಾಗಿ ಮಾಡುವ ಸಿದ್ಧ ಸ್ಕ್ರಿಪ್ಟ್‌ಗಳಿವೆ. ಅವುಗಳಿಂದ ಅರ್ಧ ಗಂಟೆಯಲ್ಲಿ ಓಪನ್‌ವಿಪಿಎನ್ ನಡೆಯುತ್ತದೆ ಎನ್ನುವುದು ಸುಳ್ಳಲ್ಲ. ಕಷ್ಟ ಬರುವುದು ಎರಡು ವರ್ಷದ ಮೇಲೆ.

ಈಸಿ-ಆರ್‌ಎಸ್‌ಎ ಕೊಡುವ ಸರ್ಟಿಫಿಕೇಟ್‌ಗೆ, ನಾವು ಬೇರೆ ಹೇಳದಿದ್ದರೆ, 825 ದಿನಗಳ ಆಯಸ್ಸು. ಅಂದರೆ ಎರಡೂಕಾಲು ವರ್ಷ. ಅಷ್ಟರಲ್ಲಿ ಸ್ಕ್ರಿಪ್ಟ್ ಓಡಿಸಿದ್ದು ಯಾವಾಗ, ಪಾಸ್‌ವರ್ಡ್ ಏನು ಎಂಬುದೆಲ್ಲ ಮರೆತಿರುತ್ತದೆ. ಒಂದು ಬೆಳಿಗ್ಗೆ ಸಂಪರ್ಕ ಸಿಗುವುದಿಲ್ಲ. ಪುಣೆಯಿಂದ ಫೋನ್ ಬರುತ್ತದೆ: “ಅಪ್ಪಾ, ರೂಟರ್ ಲೈಟು ಹಸಿರು ಉರೀತಿದೆಯಾ ನೋಡಿ.” ಹಸಿರೇ ಉರಿಯುತ್ತಿರುತ್ತದೆ. ರೂಟರ್‌ಗೆ ಏನೂ ಆಗಿಲ್ಲ. ಆದರೆ ಇಲ್ಲಿ ಓಪನ್‌ವಿಪಿಎನ್‌ನ ಮಾತುಗಾರಿಕೆ ಕೈಹಿಡಿಯುತ್ತದೆ. ಲಾಗ್ ತೆರೆದರೆ `certificate has expired` ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ರದ್ದು ಪಟ್ಟಿ ಬಳಸುತ್ತಿದ್ದರೆ ಅದಕ್ಕೂ ಪ್ರತ್ಯೇಕ ವಾಯಿದೆ ಇದೆ, ಈಸಿ-ಆರ್‌ಎಸ್‌ಎನಲ್ಲಿ 180 ದಿನ. ಅದು ಮುಗಿದರೆ ಯಾರ ಸರ್ಟಿಫಿಕೇಟ್ ಸರಿಯಿದ್ದರೂ ಎಲ್ಲರೂ ಹೊರಗೆ.

ವೈರ್‌ಗಾರ್ಡ್ ಕೀಗೆ ವಾಯಿದೆಯೇ ಇಲ್ಲ. ಫೋನ್ ಕಳೆದುಹೋದರೆ ಮನೆಯ ಕಡತದಿಂದ ಆ [Peer] ಭಾಗದ ಮೂರು ಸಾಲು ಅಳಿಸಿ ಸೇವೆಯನ್ನು ಮತ್ತೆ ಶುರು ಮಾಡಿದರಾಯಿತು. ಆದರೆ ಒಂದು ಶಿಸ್ತು ಬೇಕು: ಒಂದು ಸಾಧನಕ್ಕೆ ಒಂದೇ ಕೀ. ಫೋನಿಗೂ ಲ್ಯಾಪ್‌ಟಾಪ್‌ಗೂ ಒಂದೇ ಕಡತ ಹಾಕಿದರೆ, ಕೊನೆಯಲ್ಲಿ ಮಾತಾಡಿದವರ ಕಡೆಗೇ ಸರ್ವರ್ ತಿರುಗುತ್ತದೆ. ಎರಡೂ ಸರದಿಯಂತೆ ಸಾಯುತ್ತ ಬದುಕುತ್ತ ಇರುತ್ತವೆ.

ಹಾಗಾದರೆ ಓಪನ್‌ವಿಪಿಎನ್ ಯಾರಿಗೆ? ಉತ್ತರ ಇರುವುದು ಮಗಳು ಕೂರುವ ಜಾಗದಲ್ಲಿ. ವೈರ್‌ಗಾರ್ಡ್‌ಗೆ ಗೊತ್ತಿರುವುದು ಯುಡಿಪಿ ಒಂದೇ. ಕೆಲವು ಕಚೇರಿ, ಕಾಲೇಜು, ಹೋಟೆಲ್‌ಗಳ ವೈಫೈ ವೆಬ್ ನೋಡಲು ಬೇಕಾದ ಪೋರ್ಟ್‌ಗಳನ್ನು ಬಿಟ್ಟು ಉಳಿದ ಯುಡಿಪಿಯನ್ನೆಲ್ಲ ತಡೆಯುತ್ತದೆ. ಮೊಬೈಲ್ ಡೇಟಾದಲ್ಲಿ ನಡೆಯುವ ಸುರಂಗ ಆ ವೈಫೈನಲ್ಲಿ ಮಾತ್ರ ಹ್ಯಾಂಡ್‌ಶೇಕ್ ಕೂಡ ಆಗದೆ ಸತ್ತರೆ ಇದೇ ಕಾರಣ ಇರಬಹುದು. ಮೊದಲು ವೈರ್‌ಗಾರ್ಡ್‌ನ ಪೋರ್ಟನ್ನು 51820ರಿಂದ 443ಕ್ಕೆ ಬದಲಿಸಿ ನೋಡಬಹುದು. ಈಚಿನ ವೆಬ್‌ತಾಣಗಳು ಯುಡಿಪಿ 443 ಬಳಸುವುದರಿಂದ ಅದನ್ನು ಬಿಟ್ಟಿರುವ ಜಾಗಗಳಿವೆ. ಅದೂ ನಡೆಯದಿದ್ದರೆ ಓಪನ್‌ವಿಪಿಎನ್‌ಗೆ ಸರಿಸಾಟಿಯಿಲ್ಲ. ಅದನ್ನು ಟಿಸಿಪಿ 443ರಲ್ಲಿ, ಅಂದರೆ ಸಾಮಾನ್ಯ ಸುರಕ್ಷಿತ ವೆಬ್‌ತಾಣಗಳು ಓಡಾಡುವ ಬಾಗಿಲಲ್ಲೇ ಓಡಿಸಬಹುದು. ಆ ಬಾಗಿಲು ಮುಚ್ಚಿದರೆ ಹೋಟೆಲಿನವರ ವೈಫೈಯೇ ಯಾರಿಗೂ ಬೇಡವಾಗುತ್ತದೆ.

ಟಿಸಿಪಿಯಲ್ಲಿ ಓಡಿಸುವುದಕ್ಕೆ ತೆರಬೇಕಾದ ಬೆಲೆಯೂ ಇದೆ. ಕಳೆದುಹೋದ ಪ್ಯಾಕೆಟ್ಟನ್ನು ಮತ್ತೆ ಕಳಿಸುವುದು ಟಿಸಿಪಿಯ ಸ್ವಭಾವ. ಸುರಂಗದ ಒಳಗೆ ಓಡುವ ಕಡತದ ವರ್ಗಾವಣೆಯೂ ಟಿಸಿಪಿಯೇ. ಲೈನ್ ಕೆಟ್ಟು ಒಂದು ಪ್ಯಾಕೆಟ್ ತಪ್ಪಿದರೆ ಹೊರಗಿನವನೂ ಮತ್ತೆ ಕಳಿಸುತ್ತಾನೆ, ಒಳಗಿನವನೂ ಉತ್ತರ ಬರಲಿಲ್ಲವೆಂದು ಮತ್ತೆ ಕಳಿಸುತ್ತಾನೆ. ಮಳೆಗಾಲದ ಮಲೆನಾಡಿನ ಲೈನ್‌ಗಳಲ್ಲಿ ಇದು ತೆವಳಲು ಶುರುವಾಗುತ್ತದೆ. ಬೇರೆ ದಾರಿಯಿಲ್ಲದಾಗ ಮಾತ್ರ ಟಿಸಿಪಿ.

443ರಲ್ಲಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರಿದ್ದ ತಂಡವೊಂದು 2022ರಲ್ಲಿ, ಪ್ಯಾಕೆಟ್‌ಗಳ ಆಕಾರ ನೋಡಿಯೇ ಓಪನ್‌ವಿಪಿಎನ್ ಸಂಪರ್ಕಗಳನ್ನು ದೊಡ್ಡ ಪ್ರಮಾಣದಲ್ಲಿ ಗುರುತಿಸಬಹುದೆಂದು ತೋರಿಸಿತು. ವೈರ್‌ಗಾರ್ಡ್‌ನದಂತೂ ಮೊದಲ ಪ್ಯಾಕೆಟ್ ಯಾವಾಗಲೂ ಅದೇ 148 ಬೈಟ್. ಮರೆಮಾಚುವುದು ತಮ್ಮ ಗುರಿಯಲ್ಲ ಎಂದು ಅದನ್ನು ಮಾಡಿದವರೇ ಹೇಳಿಕೊಂಡಿದ್ದಾರೆ. ವಿಪಿಎನ್ ಬಳಕೆಗೆ ಕಾನೂನಿನ ಕಟ್ಟುಪಾಡು ಇರುವ ದೇಶಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಇವೆರಡನ್ನೂ ನೆಚ್ಚಿಕೊಳ್ಳುವ ಮೊದಲು ಅಲ್ಲಿಯ ನಿಯಮ ತಿಳಿದುಕೊಳ್ಳುವುದು ಒಳ್ಳೆಯದು.

ಮೂವತ್ತು ಜನರ ಕಚೇರಿಗೆ, ಬಂದವರಿಗೆ ಯೂಸರ್‌ನೇಮ್ ಕೊಟ್ಟು ಬಿಟ್ಟವರದನ್ನು ತೆಗೆಯುವ ವ್ಯವಸ್ಥೆ ಬೇಕಾದಲ್ಲಿಗೂ ಓಪನ್‌ವಿಪಿಎನ್ ಹೊಂದುತ್ತದೆ. ವೇಗದ ಅಂತರವೂ ಕುಗ್ಗುತ್ತಿದೆ: 2025ರ ಲಿನಕ್ಸ್ 6.16ರಲ್ಲಿ ಓಪನ್‌ವಿಪಿಎನ್‌ನ ದತ್ತಾಂಶ ಸಾಗಿಸುವ ಭಾಗವೂ ಕರ್ನಲ್‌ನೊಳಗೆ ಬಂದಿದೆ.

ಶಿವಮೊಗ್ಗದ ಮನೆಗೆ ಮಾತ್ರ ವೈರ್‌ಗಾರ್ಡ್ ಸಾಕು. ಮಗಳ ಪಿಜಿಯ ವೈಫೈ ಅದನ್ನು ತಡೆಯುತ್ತದೆ ಎಂದು ಪರೀಕ್ಷಿಸಿ ಖಚಿತವಾದ ಮೇಲೆ, ಅದರ ಪಕ್ಕಕ್ಕೆ ಟಿಸಿಪಿ 443ರಲ್ಲಿ ಓಪನ್‌ವಿಪಿಎನ್ ಹಾಕಿಟ್ಟುಕೊಳ್ಳಬಹುದು. ಎರಡೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ಜಗಳವಿಲ್ಲದೆ ಇರುತ್ತವೆ. ಹಾಗೆ ಹಾಕಿದವರು ಸರ್ಟಿಫಿಕೇಟ್ ಮಾಡಿದ ದಿನವೇ 825 ದಿನ ಮುಂದೆ ಎಣಿಸಿ, ಆ ತಾರೀಖನ್ನು ರೂಟರ್‌ನ ಬೆನ್ನಿಗೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿಡಲಿ.